ಕಮಾಂಡ್ ಬಿಟ್ಟುಕೊಟ್ಟ ದಿನ ಮಾಡಿದ ಭಾಷಣ

ಕಾಲಾಳು ಸೈನ್ಯದ ಒಂದು ಬೆಟಾಲಿಯನ್ ಅಂದರೆ ಸುಮಾರು 800 ಜನ. ನಾವು ಅದನ್ನು ಪಲ್ಟನ್ ಅಂತಲೇ ಕರೆಯೋದು. ನಾಲ್ಕು ರೈಫಲ್ ಕಂಪನಿ, ಒಂದು ಸಪೋರ್ಟ್ ಕಂಪನಿ, ಒಂದು ಹೆಡ್‌ಕ್ವಾರ್ಟರ್ ಕಂಪನಿ. ಇಷ್ಟಕ್ಕೂ ಮೇಲೆ ಒಬ್ಬ ಕರ್ನಲ್ ಇರುತ್ತಾನೆ. ಅವನೇ ಕಮಾಂಡಿಂಗ್ ಆಫೀಸರ್, ಎಲ್ಲರ ಬಾಯಲ್ಲಿ ಸಿ.ಓ. ಸಾಬ್. ಆ ಕುರ್ಚಿಯಲ್ಲಿ ಎರಡು-ಎರಡೂವರೆ ವರ್ಷ ಕೂತ ಮೇಲೆ ಇನ್ನೊಬ್ಬರಿಗೆ ಬಿಟ್ಟು ಹೊರಡಬೇಕು. ಹೊರಡುವ ಮುಂಚೆ ಮಾತಾಡಬೇಕು.

ಮಾತು ಒಂದೇ ಕಡೆ ಮುಗಿಯಲ್ಲ. ಆಫೀಸರ್ಸ್ ಮೆಸ್‌ನಲ್ಲಿ ಬೀಳ್ಕೊಡುಗೆ ಊಟ ಇರುತ್ತದೆ. ಅಲ್ಲಿ ತಮಾಷೆ ಮಾಡಬಹುದು, ಹಳೇ ಕಥೆ ಹೇಳಬಹುದು. ಸುಬೇದಾರ್ ದರ್ಜೆಯವರಾದ ಜೆ.ಸಿ.ಓ.ಗಳ ಮೆಸ್‌ನಲ್ಲಿ ಟೀ ಇರುತ್ತದೆ, ಅಲ್ಲೂ ಮಾತು ಸಲೀಸು. ಕಷ್ಟ ಇರೋದು ಸೈನಿಕ ಸಮ್ಮೇಳನದಲ್ಲಿ. ಹಿಂದೆ ಇದಕ್ಕೆ ದರ್ಬಾರ್ ಅನ್ನುತ್ತಿದ್ದರು. ಇಡೀ ಪಲ್ಟನ್ ಎದುರಿಗೆ ಕೂತಿರುತ್ತದೆ, ನಿನ್ನೆ ಬಂದ ಸಿಪಾಯಿಯಿಂದ ಸುಬೇದಾರ್ ಮೇಜರ್‌ವರೆಗೆ. ಹೊಸ ಸಿ.ಓ. ಕೂಡ ಅಲ್ಲೇ ಕೂತಿರುತ್ತಾರೆ. ಹಾಗಾಗಿ ಪ್ರತಿ ಸಾಲನ್ನೂ ಎರಡು ಬಗೆಯ ಕಿವಿ ಕೇಳಿಸಿಕೊಳ್ಳುತ್ತವೆ.

ನನಗೆ ಪೋಸ್ಟಿಂಗ್ ಆರ್ಡರ್ ಬಂದಾಗ ಪಲ್ಟನ್ ಉತ್ತರದ ಗಡಿಯಲ್ಲಿತ್ತು. ಜಾಗದ ಹೆಸರು ಬೇಡ. ಆರ್ಡರ್ ಕೈಗೆ ಸಿಕ್ಕ ಮೇಲೆ ಕೊನೆಯ ರಜೆ ಹಾಕಿ ಹಾಸನಕ್ಕೆ ಬಂದೆ. ಮಳೆಗಾಲ, ಮನೆಯಿಂದ ಹೊರಗೆ ಹೋಗೋ ಹಾಗಿರಲಿಲ್ಲ. ಸುಮ್ನೆ ಕೂತು ಭಾಷಣ ಬರೆದೆ. ಸಮ್ಮೇಳನದಲ್ಲಿ ಮಾತಾಡೋದು ಹಿಂದಿಯಲ್ಲಿ. ನಾನು ಮಾತ್ರ ಮೊದಲು ಕನ್ನಡದಲ್ಲೇ ಬರೆದುಕೊಳ್ಳೋದು. ನಮ್ಮ ಮದ್ರಾಸ್ ರೆಜಿಮೆಂಟಿನಲ್ಲಿ ಹೆಚ್ಚಿನವರು ದಕ್ಷಿಣದ ನಾಲ್ಕು ಭಾಷೆಯ ಹುಡುಗರು, ಅವರ ಹಿಂದಿಯೂ ನನ್ನ ಹಿಂದಿಯೂ ಒಂದೇ ಮಟ್ಟದ್ದು. ದೊಡ್ಡ ಪದ ಹಾಕಿದರೆ ನನಗೂ ಕಷ್ಟ, ಅವರಿಗೂ ಕಷ್ಟ.

ಸಾಲಗಾಮೆ ರಸ್ತೆ ಕಡೆ ನಮ್ಮದೇ ರೆಜಿಮೆಂಟಿನ ಒಬ್ಬ ನಿವೃತ್ತ ಸುಬೇದಾರ್ ಇದ್ದಾರೆ. ನಾನು ಲೆಫ್ಟಿನೆಂಟ್ ಆಗಿ ಸೇರಿದಾಗ ಅವರು ನನ್ನ ಪ್ಲಟೂನಿನ ಹವಾಲ್ದಾರ್. ಸೈನ್ಯದಲ್ಲಿ ಅವರು ನನಗೆ ಸಾಬ್ ಅನ್ನುತ್ತಾರೆ, ಸುಬೇದಾರರಾದ್ದರಿಂದ ನಾನೂ ಅವರಿಗೆ ಸಾಬ್ ಅನ್ನುತ್ತೇನೆ. ನಿವೃತ್ತಿ ಆದ ಮೇಲೂ ಅದು ತಪ್ಪಿಲ್ಲ. ಸಿ.ಓ.ಗಳ ಬೀಳ್ಕೊಡುಗೆ ಭಾಷಣವನ್ನು ನಾನು ಕೇಳಿದ್ದು ಕುರ್ಚಿಯ ಮೇಲೆ ಕೂತು. ಅವರು ಕೇಳಿದ್ದು ಕೆಳಗೆ ದರಿಯ ಮೇಲೆ ಕೂತು, ಮಂಡಿ ಹಿಡಿದುಕೊಂಡು. ಅದಕ್ಕೇ ಬರೆದದ್ದನ್ನು ಅವರ ಹತ್ತಿರ ಒಯ್ದೆ.

ಅವರು ಕನ್ನಡಕ ಹಾಕಿಕೊಳ್ಳಲೇ ಇಲ್ಲ. "ನೀವೇ ಓದಿ ಸಾಬ್. ಜವಾನರು ಓದಲ್ಲ, ಕೇಳ್ತಾರೆ" ಅಂದರು. ನಾನು ಓದಿದೆ. ಹದಿನೆಂಟು ನಿಮಿಷ ಆಯಿತು. ಅವರ ಹೆಂಡತಿ ಕಾಫಿ ತಂದಿಟ್ಟು ಒಳಗೆ ಹೋದರು, ಕಾಫಿ ಆರಿತು.

"ಅರ್ಧ ಮಾಡಿ. ನಾವು ಕೂತಿರ್ತೀವಿ ಸರಿ, ಕಾಲು ಜೋಮು ಹಿಡಿಯುತ್ತೆ. ಜೋಮು ಹಿಡಿದ ಮೇಲೆ ಯಾರು ಏನು ಹೇಳಿದ್ರೂ ಒಳಗೆ ಇಳಿಯಲ್ಲ."

ಯಾವುದನ್ನು ತೆಗೆಯಬೇಕು ಅನ್ನೋದೇ ಪ್ರಶ್ನೆ. ಅವರು ಮೊದಲು ಕೈ ಹಾಕಿದ್ದು ಧನ್ಯವಾದದ ಪಟ್ಟಿಗೆ. ನನ್ನ ನಂತರದ ಸ್ಥಾನದ ಟೂ-ಐ-ಸಿ, ಅಡ್ಜುಟೆಂಟ್, ಕ್ವಾರ್ಟರ್ ಮಾಸ್ಟರ್, ಕಂಪನಿ ಕಮಾಂಡರ್‌ಗಳು, ಸುಬೇದಾರ್ ಮೇಜರ್, ಹೆಡ್ ಕ್ಲರ್ಕ್ ಅಂತ ಸಾಲಾಗಿ ಬರೆದಿದ್ದೆ. "ಈ ಲಿಸ್ಟ್ ಶುರು ಮಾಡಿದ್ರೆ ಮುಗಿಸಲೇಬೇಕು ಸಾಬ್. ಹೆಡ್ ಕ್ಲರ್ಕ್ ಹೆಸರು ಬಂತು, ಎಂ.ಟಿ. ಹವಾಲ್ದಾರ್ ಹೆಸರು ಬರಲಿಲ್ಲ ಅಂದ್ರೆ ಸಂಜೆ ಹೊತ್ತಿಗೆ ಲಂಗರ್ ಗಪ್ ಆಗುತ್ತೆ." ಲಂಗರ್ ಗಪ್ ಅಂದರೆ ಅಡುಗೆಮನೆ ಮುಂದೆ ತಟ್ಟೆ ಹಿಡಿದು ನಿಂತಾಗ ಹರಡುವ ಸುದ್ದಿ. ಪಲ್ಟನ್‌ನಲ್ಲಿ ಅದಕ್ಕಿಂತ ಬೇಗ ಹೋಗುವ ವೈರ್‌ಲೆಸ್ ಸೆಟ್ ಇಲ್ಲ. ಪಟ್ಟಿ ಪೂರ್ತಿ ಹೋಯಿತು. ಅಧಿಕಾರಿಗಳಿಗೆ ಮೆಸ್‌ನಲ್ಲಿ, ಜೆ.ಸಿ.ಓ.ಗಳಿಗೆ ಅವರ ಟೀಯಲ್ಲಿ ಹೇಳಿದರೆ ಸಾಕು ಅಂತಾಯಿತು.

ಆಮೇಲೆ ಸಾಧನೆಗಳು. ಫೈರಿಂಗ್ ಸ್ಪರ್ಧೆಯಲ್ಲಿ ಗೆದ್ದದ್ದು, ಬ್ರಿಗೇಡಿನ ಟ್ರೋಫಿ, ಸಿಕ್ಕ ಪ್ರಶಂಸೆ. ಇದರಲ್ಲಿ ಒಂದು ತೊಡಕಿದೆ. ಹಳೇ ಸಿ.ಓ. ಗೆದ್ದದ್ದನ್ನು ಎಣಿಸಿದರೆ ಹೊಸ ಸಿ.ಓ.ಗೆ ಅಲ್ಲಿಂದಲೇ ಲೆಕ್ಕ ಶುರುವಾಗುತ್ತದೆ. ಮುಂದಿನ ವರ್ಷ ಟ್ರೋಫಿ ಬರದಿದ್ದರೆ ಜವಾನರು ಹೋಲಿಸುತ್ತಾರೆ. ಅವರು ಬರುವ ಮುಂಚೆಯೇ ಅವರಿಗೆ ಸಾಲ ಹೊರಿಸಿದ ಹಾಗೆ. ಅದನ್ನೂ ತೆಗೆದೆ. ಅದಕ್ಕಿಂತ ಹಿಂದಿನ ಇತಿಹಾಸದ ಒಂದು ಪ್ಯಾರಾ ಇತ್ತು. ರೆಜಿಮೆಂಟ್ 1758ರಿಂದ ಇದೆ, ಕೇಂದ್ರ ನೀಲಗಿರಿಯ ವೆಲ್ಲಿಂಗ್ಟನ್‌ನಲ್ಲಿ ಅಂತೆಲ್ಲ. ಅಲ್ಲೇ ತರಬೇತಿ ಮುಗಿಸಿ ಬಂದ ಹುಡುಗನಿಗೆ ಅದನ್ನು ನಾನು ಹೇಳಬೇಕಾ?

ಒಂದು ಸಾಲಿನ ಬಗ್ಗೆ ಮಾತ್ರ ನಮ್ಮಿಬ್ಬರಿಗೆ ಜಗಳವೇ ಆಯಿತು. "ನಾನು ಎಲ್ಲೇ ಇರಲಿ, ಏನೇ ತೊಂದರೆ ಆದರೂ ನನಗೆ ಫೋನ್ ಮಾಡಿ" ಅಂತ ಬರೆದಿದ್ದೆ. ಮನಸ್ಸಿನಿಂದಲೇ ಬರೆದದ್ದು. ಬಹಳ ಜನ ಸಿ.ಓ.ಗಳು ಇದನ್ನು ಹೇಳುತ್ತಾರೆ, ಚಪ್ಪಾಳೆಯೂ ಬೀಳುತ್ತದೆ.

"ಇದು ಬೇಡವೇ ಬೇಡ" ಅಂದರು.

"ಯಾಕೆ ಸಾಬ್? ಕಷ್ಟ ಅಂದಾಗ ಎತ್ತಿಕೊಳ್ಳೋದು ತಪ್ಪಾ?"

"ಎತ್ತಿಕೊಳ್ಳಿ, ಬೇಡ ಅಂದೋರು ಯಾರು. ಇಡೀ ಪಲ್ಟನ್ ಮುಂದೆ ಹೇಳಬೇಡಿ ಅಷ್ಟೆ. ಹೊಸ ಸಾಬ್ ಒಬ್ಬನಿಗೆ ರಜೆ ಕೊಡಲ್ಲ ಅನ್ಕೊಳ್ಳಿ. ಅವನು ನಿಮಗೆ ಫೋನ್ ಮಾಡ್ತಾನೆ. ನೀವು ಪಾಪ ಅಂತ ಹೊಸ ಸಾಬ್‌ಗೆ ಫೋನ್ ಮಾಡ್ತೀರಾ. ಆಗ ಪಲ್ಟನ್‌ಗೆ ಎಷ್ಟು ಜನ ಸಿ.ಓ.?"

ನಾನು ಒಪ್ಪಲಿಲ್ಲ. ಮನೆಗೆ ಬಂದು ರಾತ್ರಿ ಯೋಚಿಸಿದೆ. ನನಗೆ ಕಮಾಂಡ್ ಬಿಟ್ಟುಕೊಟ್ಟವರು ನನ್ನ ಕಾಲದಲ್ಲಿ ಒಂದು ಸಲವೂ ಫೋನ್ ಮಾಡಿ "ಅವನನ್ನು ಸ್ವಲ್ಪ ನೋಡಿಕೋ" ಅಂದವರಲ್ಲ. ಹಾಗೆ ಮಾಡಿದ್ದರೆ ನನಗೆ ಹೇಗಿರುತ್ತಿತ್ತು? ಸಾಲು ಹೊಡೆದು ಹಾಕಿದೆ.

ಪಲ್ಟನ್‌ಗೆ ವಾಪಸ್ ಹೋದ ಮೇಲೆ ಭಾಷಣಕ್ಕಿಂತ ಜಾಸ್ತಿ ಹೊತ್ತು ತಿಂದದ್ದು ಕಾಗದ. ಆಯುಧ ಎಣಿಸಬೇಕು, ಮದ್ದುಗುಂಡು ಎಣಿಸಬೇಕು, ಗುಪ್ತ ಕಡತಗಳನ್ನು ಒಂದೊಂದಾಗಿ ತಾಳೆ ನೋಡಬೇಕು. ರೆಜಿಮೆಂಟಲ್ ಫಂಡ್, ಕ್ಯಾಂಟೀನ್ ಲೆಕ್ಕ, ಮೆಸ್‌ನ ಬೆಳ್ಳಿ ಸಾಮಾನು, ನಡೆಯುತ್ತಿರುವ ವಿಚಾರಣೆಗಳು, ಎಲ್ಲ ಬರೆದು ಕೊಡಬೇಕು. ನನ್ನ ಕೈಕೆಳಗಿನ ಅಧಿಕಾರಿಗಳ ಗೌಪ್ಯ ವರದಿಗಳನ್ನೂ ಬರೆದು ಮುಗಿಸಬೇಕು. ಇದೆಲ್ಲ ಕಡತದಲ್ಲಿ ಇರುವ ಕೆಲಸ, ಹೇಗಾದರೂ ಆಗುತ್ತದೆ.

ಯಾವ ಕಡತದಲ್ಲೂ ಇಲ್ಲದ್ದು ಒಂದಿದೆ. ಬಾಯಿಮಾತಿನಲ್ಲಿ ಕೊಟ್ಟ ಭರವಸೆಗಳು. ಜವಾನರು ಸಿ.ಓ.ನನ್ನು ಖುದ್ದಾಗಿ ಕಂಡು ಕಷ್ಟ ಹೇಳಿಕೊಳ್ಳುವ ಪದ್ಧತಿ ಇದೆ. ಅರಕಲಗೂಡು ಕಡೆಯ, ನಾಯಕ್ ರ‍್ಯಾಂಕಿನ ಒಬ್ಬನ ತಾಯಿಗೆ ಡಯಾಲಿಸಿಸ್ ನಡೆಯುತ್ತಿತ್ತು. ಊರಿಗೆ ಹತ್ತಿರದ ಪೋಸ್ಟಿಂಗ್‌ಗೆ ಅವನ ಅರ್ಜಿ ಮೇಲಕ್ಕೆ ಕಳಿಸಿದ್ದೆ, ಉತ್ತರ ಬಂದಿರಲಿಲ್ಲ. ಅಲ್ಲಿವರೆಗೆ ರಜೆಯನ್ನು ತುಂಡು ತುಂಡಾಗಿ ಕೊಡುತ್ತೇನೆ ಅಂದಿದ್ದೆ. ಇನ್ನೊಬ್ಬ ಹವಾಲ್ದಾರನಿಗೆ ಮುಂದಿನ ಕೋರ್ಸ್ ನಿನಗೇ ಅಂದಿದ್ದೆ. ಒಬ್ಬ ಲ್ಯಾನ್ಸ್ ನಾಯಕನಿಗೆ ತಂಗಿ ಮದುವೆಗೆ ರಜೆ. ಇಂಥವು ಇಪ್ಪತ್ತರ ಹತ್ತಿರ ಇದ್ದವು. ಸುಬೇದಾರ್ ಮೇಜರ್ ಜೊತೆ ಕೂತು ಒಂದು ನೋಟ್‌ಬುಕ್ಕಿನಲ್ಲಿ ಬರೆದೆ. ಯಾರಿಗೆ, ಏನು, ಯಾವಾಗ ಹೇಳಿದ್ದು, ಯಾಕೆ ಹೇಳಿದ್ದು. ಆ ಪುಸ್ತಕವನ್ನು ಹೊಸ ಸಿ.ಓ. ಕೈಗೆ ಕೊಟ್ಟು, "ಇದು ನಿಮಗೆ ಕಟ್ಟುಪಾಡಲ್ಲ. ಮಾಹಿತಿ ಅಷ್ಟೆ" ಅಂದೆ. ಅವರು ರಾತ್ರಿ ಕೂತು ಓದಿ, ಮರುದಿನ ಮೂರು ಹೆಸರಿನ ಬಗ್ಗೆ ಪ್ರಶ್ನೆ ಕೇಳಿದರು. ಕೋರ್ಸಿನ ವಿಷಯದಲ್ಲಿ ಅವರ ಮುಖ ನೋಡಿದರೆ ಒಪ್ಪಿಗೆ ಇದ್ದ ಹಾಗಿರಲಿಲ್ಲ. ಅದು ಅವರ ಹಕ್ಕು.

ಅವರು ನಮ್ಮ ರೆಜಿಮೆಂಟಿನವರೇ, ಆದರೆ ಬೇರೆ ಬೆಟಾಲಿಯನ್‌ನಲ್ಲಿ ಬೆಳೆದವರು. ಇದು ಜವಾನರಿಗೆ ದೊಡ್ಡ ವಿಷಯ. ನಮ್ಮ ಪಲ್ಟನ್‌ನಲ್ಲೇ ಲೆಫ್ಟಿನೆಂಟ್ ಆಗಿ ಓಡಾಡಿದವನು ಸಿ.ಓ. ಆಗಿ ಬಂದರೆ ಹಳೇ ಹವಾಲ್ದಾರರಿಗೆ ಅವನ ಗುಣ ಗೊತ್ತಿರುತ್ತದೆ. ಹೊರಗಿನಿಂದ ಬಂದರೆ ಅಳೆಯೋದು ಶುರು. ಇವರನ್ನು ಹೇಗೆ ಪರಿಚಯ ಮಾಡಿಸಬೇಕು ಅನ್ನೋದು ನನ್ನ ತಲೆಯಲ್ಲಿ ಕೊನೆಯವರೆಗೂ ಇತ್ತು. "ನನಗಿಂತ ಒಳ್ಳೆಯವರು" ಅಂದರೆ ಯಾರೂ ನಂಬಲ್ಲ. ಪದಕ, ಕೋರ್ಸು ಅಂತ ಬಯೋಡೇಟಾ ಓದಿದರೆ ಆಕಳಿಕೆ ಬರುತ್ತದೆ.

ಇನ್ನೊಂದು ಸಮಸ್ಯೆ. ಗಡಿಯಲ್ಲಿರುವ ಪಲ್ಟನ್ ಯಾವತ್ತೂ ಪೂರ್ತಿ ಒಂದು ಕಡೆ ಸೇರಲ್ಲ. ಪೋಸ್ಟಿನಲ್ಲಿರುವವರು, ಕಾವಲಿನಲ್ಲಿರುವವರು, ರಜೆಯಲ್ಲಿರುವವರು, ಕೋರ್ಸಿಗೆ ಹೋದವರು. ಸಮ್ಮೇಳನಕ್ಕೆ ಬರುವವರು ಕಡಿಮೆ, ಬರಲಾಗದವರೇ ಜಾಸ್ತಿ. ಅತಿ ಕಷ್ಟದ ಜಾಗದಲ್ಲಿ ಇರುವವರೇ ಭಾಷಣ ಕೇಳಲ್ಲ ಅಂದರೆ ಆ ಭಾಷಣ ಯಾರಿಗೆ? ಅದಕ್ಕೆ ಕೊನೆಯ ವಾರ ನಾವಿಬ್ಬರೂ ಪೋಸ್ಟುಗಳಿಗೆ ಹೋದೆವು. ಒಂದೊಂದು ಕಡೆ ಹತ್ತು, ಹದಿನೈದು ಜನ. ಬಂಕರ್ ಪಕ್ಕ ನಿಂತು, ಚಹಾ ಮಗ್ ಹಿಡಿದು, ಅದೇ ಮಾತನ್ನು ಚಿಕ್ಕದಾಗಿ ಹೇಳಿದೆ. ಹೇಳುತ್ತಾ ಹೇಳುತ್ತಾ ಭಾಷಣ ತಾನಾಗೇ ಸವೆದು ನಯವಾಯಿತು. ಎಲ್ಲಿ ಕಣ್ಣು ಬೇರೆ ಕಡೆ ಹೋಗುತ್ತದೆ, ಎಲ್ಲಿ ಬೂಟು ಅಲುಗಾಡುತ್ತದೆ ಅಂತ ಹತ್ತಿರದಿಂದ ಕಾಣುತ್ತಿತ್ತು. ಮೂರನೇ ಪೋಸ್ಟಿನ ಹೊತ್ತಿಗೆ ಕಾಗದ ಜೇಬಿನಿಂದ ಹೊರಗೆ ಬರಲಿಲ್ಲ.

ಪರಿಚಯದ ಸಮಸ್ಯೆಯೂ ಅಲ್ಲೇ ಬಗೆಹರಿಯಿತು. ಚಾರ್ಲಿ ಕಂಪನಿಯ ಎಲ್ಲಕ್ಕಿಂತ ಮೇಲಿನ ಪೋಸ್ಟಿಗೆ ಗಾಡಿ ಹೋಗಲ್ಲ. ಹೊಸ ಸಿ.ಓ. ಅಷ್ಟು ಎತ್ತರಕ್ಕೆ ಆಗಷ್ಟೇ ಒಗ್ಗಿಕೊಂಡಿದ್ದರು, ಡಾಕ್ಟರ್ ಅನುಮತಿ ಕೊಟ್ಟು ಎರಡೇ ದಿನ ಆಗಿತ್ತು. ನಿಂತು ನಿಂತು ಉಸಿರು ತಗೊಂಡು ಹತ್ತಿದರು. ಮೇಲೆ ಹೋಗಿ ಮೊದಲು ನೋಡಿದ್ದು ಅಡುಗೆಯ ಗುಡಿಸಲು. ಸೀಮೆಎಣ್ಣೆ ಎಷ್ಟಿದೆ, ತರಕಾರಿ ಎಷ್ಟು ದಿನಕ್ಕೊಮ್ಮೆ ಬರುತ್ತದೆ ಅಂತ ಲಂಗರಿನ ಹುಡುಗನನ್ನೇ ಕೇಳಿದರು. ನಾನು ಪರಿಚಯ ಮಾಡಿಸುವ ಮುಂಚೆಯೇ ಲಂಗರ್ ಗಪ್ ಕೆಳಗಿಳಿದು ಹೋಗಿತ್ತು.

ಕೊನೆಯ ದಿನ ಬೆಳಿಗ್ಗೆ ಮೊದಲು ಸ್ಮಾರಕಕ್ಕೆ ಹೋಗಿ ಹೂವಿನ ಚಕ್ರ ಇಟ್ಟೆ. ಆಮೇಲೆ ಸರ್ವಧರ್ಮ ಸ್ಥಳ. ಆಮೇಲೆ ಸಮ್ಮೇಳನ. ಸುಬೇದಾರ್ ಮೇಜರ್ ಪಲ್ಟನ್‌ನನ್ನು ಸಾವಧಾನ್ ಮಾಡಿಸಿ, ಎಷ್ಟು ಜನ ಹಾಜರಿದ್ದಾರೆ ಅಂತ ನನಗೆ ರಿಪೋರ್ಟ್ ಕೊಟ್ಟರು. ನಾನು ಕೂರಿಸಲು ಹೇಳಿದೆ. ಹೊಸ ಸಿ.ಓ. ಮೊದಲ ಸಾಲಿನಲ್ಲಿ ಒಂದು ಪಕ್ಕಕ್ಕೆ ಕೂತಿದ್ದರು.

ಹೇಳಿದ್ದು ಸುಮಾರು ಹೀಗೆ.

"ಪೋಸ್ಟಿನಲ್ಲಿ ಇರೋರಿಗೆ ಇದನ್ನು ಅಲ್ಲೇ ಹೋಗಿ ಹೇಳಿ ಬಂದಿದ್ದೇನೆ. ಅವರಿಗೆ ಮೊದಲು, ನಿಮಗೆ ಆಮೇಲೆ. ಅದರಲ್ಲಿ ಬೇಜಾರು ಬೇಡ.

"ನನ್ನ ಕಾಲದಲ್ಲಿ ನಾವು ಇಬ್ಬರನ್ನು ಕಳೆದುಕೊಂಡೆವು." ಇಲ್ಲಿ ಇಬ್ಬರ ನಂಬರ್, ರ‍್ಯಾಂಕ್, ಹೆಸರು, ಕಂಪನಿ, ಊರು ಹೇಳಿದೆ. ಬೇರೆ ವಿಶೇಷಣ ಹಾಕಲಿಲ್ಲ. "ಅವರ ಮನೆಗಳಿಗೆ ಯಾರು ಫೋನ್ ಮಾಡಬೇಕು, ಎಷ್ಟು ದಿನಕ್ಕೊಮ್ಮೆ ಮಾಡಬೇಕು ಅಂತ ಬರೆದಿಟ್ಟಿದ್ದೇನೆ. ಸುಬೇದಾರ್ ಮೇಜರ್ ಸಾಬ್ ಹತ್ತಿರ ಅದು ಇದೆ. ಪಿಂಚಣಿಯಲ್ಲಿ ಒಬ್ಬರದು ಒಂದು ಕಾಗದ ಬಾಕಿ ಇತ್ತು, ಕಳೆದ ತಿಂಗಳು ಮುಗಿಯಿತು.

"ನಾನು ನಿಮ್ಮಲ್ಲಿ ಕೆಲವರಿಗೆ ಮಾತು ಕೊಟ್ಟಿದ್ದೇನೆ. ನನಗೆ ನೆನಪಿರುವ ಎಲ್ಲವನ್ನೂ ಬರೆದು ಹೊಸ ಸಿ.ಓ. ಸಾಬ್‌ಗೆ ಕೊಟ್ಟಿದ್ದೇನೆ. ನಾನು ಮರೆತಿದ್ದರೆ ಇವತ್ತು ಸಂಜೆಯೊಳಗೆ ಸುಬೇದಾರ್ ಮೇಜರ್ ಸಾಬ್‌ಗೆ ಹೇಳಿ. ಯಾವುದು ಆಗುತ್ತೆ, ಯಾವುದು ಆಗಲ್ಲ ಅಂತ ಇನ್ನು ಮುಂದೆ ಹೊಸ ಸಾಬ್ ತೀರ್ಮಾನ ಮಾಡುತ್ತಾರೆ. 'ಹಳೇ ಸಾಬ್ ಹೇಳಿದ್ರು' ಅಂತ ಅವರ ಮುಂದೆ ಹೇಳಬೇಡಿ.

"ಕೆಲವರಿಗೆ ನಾನು ಶಿಕ್ಷೆಯನ್ನೂ ಕೊಟ್ಟಿದ್ದೇನೆ. ರೆಡ್ ಇಂಕ್ ಎಂಟ್ರಿ ಕಾಗದದಲ್ಲಿ ಇರುತ್ತದೆ, ಅದನ್ನು ನಾನು ಅಳಿಸಲಾರೆ. ಆದರೆ ಯಾರ ಕಥೆಯನ್ನೂ ನಾನು ಹೊಸ ಸಾಬ್ ಕಿವಿಗೆ ಹಾಕಿಲ್ಲ. ನಾಳೆಯಿಂದ ನಿಮ್ಮನ್ನು ಅವರು ತಮ್ಮ ಕಣ್ಣಿನಿಂದ ನೋಡಲಿ.

"ಅವರು ಯಾರು ಅಂತ ನಾನು ಹೇಳೋದು ಬೇಡ. ಚಾರ್ಲಿ ಕಂಪನಿಯ ಲಂಗರಿನಲ್ಲಿ ಕೇಳಿ."

ಇಲ್ಲಿ ನಗು ಬಂತು. ಕೊನೆಗೆ ಕಾಯುವವರಿಗೆ, ಅಡುಗೆ ಮಾಡುವವರಿಗೆ, ಗುಡಿಸುವವರಿಗೆ, ಗಾಡಿ ಓಡಿಸುವವರಿಗೆ ಒಂದೇ ಸಾಲಿನಲ್ಲಿ ಕೈ ಮುಗಿದೆ. ಹೆಸರಿಲ್ಲ. "ಸ್ವಧರ್ಮೇ ನಿಧನಂ ಶ್ರೇಯಃ" ಅನ್ನೋದು ರೆಜಿಮೆಂಟಿನ ಧ್ಯೇಯವಾಕ್ಯ. ಅದನ್ನು ಹೇಳಿ ವಿವರಿಸಲು ಹೋಗಲಿಲ್ಲ. "ವೀರ ಮದ್ರಾಸಿ" ಅಂತ ಕೂಗಿದೆ, "ಅಡಿ ಕೊಲ್ಲು, ಅಡಿ ಕೊಲ್ಲು" ಅಂತ ತಗಡಿನ ಛಾವಣಿ ನಡುಗುವ ಹಾಗೆ ಉತ್ತರ ಬಂತು. ಎಂಟು ನಿಮಿಷದೊಳಗೆ ಮುಗಿದಿತ್ತು.

ಗಂಟಲು ಕಟ್ಟುವ ಜಾಗ ಯಾವುದು ಅಂತ ಪೋಸ್ಟುಗಳಲ್ಲೇ ಗೊತ್ತಾಗಿತ್ತು. ಇಬ್ಬರ ಹೆಸರು ಹೇಳುವಾಗ. ಅದಕ್ಕೇ ಅದನ್ನು ಭಾಷಣದ ಶುರುವಿಗೆ ತಂದಿದ್ದೆ. ಕೊನೆಯಲ್ಲಿ ಇಟ್ಟಿದ್ದರೆ ಹೊಸಬರನ್ನು ಒಪ್ಪಿಸುವ ಹೊತ್ತಿಗೆ ನನ್ನ ದನಿಯೂ ಹುಡುಗರ ಮನಸ್ಸೂ ಕುಗ್ಗಿರುತ್ತಿತ್ತು. ಅಳುವ ಸಿ.ಓ. ಪಕ್ಕ ನಿಂತು ಮಾತು ಶುರು ಮಾಡೋದು ಹೊಸಬರಿಗೂ ಕಷ್ಟ, ಅಲ್ವಾ?

ಅವರನ್ನು ಕರೆದು ಕೈ ಕುಲುಕಿ, ನಾನು ವೇದಿಕೆಯಿಂದ ಇಳಿದು ಪಕ್ಕಕ್ಕೆ ನಿಂತೆ. ಅವರು ಒಂದು ನಿಮಿಷವೂ ಮಾತಾಡಲಿಲ್ಲ. "ಈಗ ನಡೆಯುತ್ತಿರುವ ಹಾಗೇ ಎಲ್ಲ ನಡೆಯಲಿ. ನಾನು ಮೊದಲು ನೋಡುತ್ತೇನೆ, ಆಮೇಲೆ ಮಾತಾಡುತ್ತೇನೆ. ಇವತ್ತು ಸಾಬ್ ದಿನ" ಅಂದರು. ಬಂದವರು ಮಾತಾಡಬೇಕಾದದ್ದು ಅಷ್ಟೇ. ಹೊಸ ಯೋಜನೆ, ಹೊಸ ಶಿಸ್ತು ಅಂತ ಆ ದಿನವೇ ಶುರು ಮಾಡಿದವರನ್ನೂ ನಾನು ನೋಡಿದ್ದೇನೆ. ಆಗ ಹಳಬನ ಮುಖ ನೋಡಲಾಗಲ್ಲ.

ಆಮೇಲಿನದು ಒಂದು ಚಿಕ್ಕ ಕ್ಷಣ, ಹೊರಗಿನವರಿಗೆ ಗೊತ್ತೂ ಆಗಲ್ಲ. ಸುಬೇದಾರ್ ಮೇಜರ್ ಮುಂದೆ ಬಂದು ಸೆಲ್ಯೂಟ್ ಹೊಡೆದು, ಸಮ್ಮೇಳನ ವಿಸರ್ಜಿಸಲು ಅನುಮತಿ ಕೇಳಿದರು. ನನ್ನ ಕೈ ಅರ್ಧ ಎದ್ದಿತ್ತು. ಅವರು ನಿಂತಿದ್ದು ನನ್ನ ಕಡೆ ಮುಖ ಮಾಡಿ ಅಲ್ಲ. ಅನುಮತಿ ಕೊಟ್ಟವರು ಹೊಸ ಸಿ.ಓ. ಆಫೀಸಿಗೆ ಹೋಗಿ ಕಾಗದಕ್ಕೆ ಇಬ್ಬರೂ ಸಹಿ ಹಾಕಿದೆವು, ಬ್ರಿಗೇಡಿಗೆ ಸಂದೇಶ ಹೋಯಿತು. ಆದರೆ ಪಲ್ಟನ್ ಲೆಕ್ಕದಲ್ಲಿ ಕಮಾಂಡ್ ಕೈ ಬದಲಾದದ್ದು ಆ ಸೆಲ್ಯೂಟಿನಲ್ಲಿ.

ಮಧ್ಯಾಹ್ನ ಬಡಾ ಖಾನಾ. ಎಲ್ಲ ರ‍್ಯಾಂಕಿನವರೂ ಒಟ್ಟಿಗೆ ಊಟ. ಆಮೇಲೆ ಜಿಪ್ಸಿಗೆ ಹೂವು ಕಟ್ಟಿ, ಮುಂದೆ ಹಗ್ಗ ಕಟ್ಟಿ, ಅಧಿಕಾರಿಗಳೂ ಜೆ.ಸಿ.ಓ.ಗಳೂ ಗೇಟಿನವರೆಗೆ ಎಳೆದರು. ಆ ಎತ್ತರದಲ್ಲಿ ಎಳೆಯೋದು ಅಂದರೆ ಅವರ ಏದುಸಿರು ಕೇಳಿ ತಡೆದುಕೊಳ್ಳೋಕೆ ಆಗ್ತಿರಲಿಲ್ಲ. ಸಾಕು ಅಂದರೂ ಬಿಡಲಿಲ್ಲ.

ಮುಂದಿನ ಚಳಿಗಾಲದಲ್ಲಿ ಹಾಸನಕ್ಕೆ ಬಂದಿದ್ದಾಗ ಆ ಹವಾಲ್ದಾರನ ಫೋನ್ ಬಂತು. ಕೋರ್ಸಿಗೆ ಅವನನ್ನು ಕಳಿಸಿರಲಿಲ್ಲ, ಬೇರೊಬ್ಬನನ್ನು ಕಳಿಸಿದ್ದರು. ಮನೆ, ಮಕ್ಕಳು, ಮಳೆ, ಬೆಳೆ ಎಲ್ಲ ವಿಚಾರಿಸಿದೆ. ಕೋರ್ಸಿನ ಮಾತು ಎತ್ತಿದಾಗ "ಸುಬೇದಾರ್ ಮೇಜರ್ ಸಾಬ್ ಹತ್ತಿರ ಮಾತಾಡಿದ್ಯಾ?" ಅಂತ ಕೇಳಿದೆ. ಇಲ್ಲ ಅಂದ. "ಮೊದಲು ಅವರ ಹತ್ತಿರ ಹೋಗು. ಅವರು ಸಿ.ಓ. ಸಾಬ್ ಮುಂದೆ ನಿಲ್ಲಿಸ್ತಾರೆ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಜೀ ಸಾಬ್" ಅಂದ. ಬೇಜಾರಾಗಿತ್ತು ಅಂತ ದನಿಯಲ್ಲೇ ಗೊತ್ತಾಯಿತು. ನಾನು ಹೊಸ ಸಿ.ಓ.ಗೆ ಫೋನ್ ಮಾಡಲಿಲ್ಲ.